ಹನ್ನೊಂದು ಮಾಫಿ ಚೀಟಿಗಳು

ಒಂದು ತಕರಾರು ಅರ್ಜಿಯ ಹಿಂದುಮುಂದೆ ನಾನು ಕಳೆದುಕೊಂಡದ್ದು ಒಂಬತ್ತು ವರ್ಷದ ನೌಕರಿ, ಒಂದು ಹರ್ಕ್ಯುಲಿಸ್ ಸೈಕಲ್ಲು, ಮತ್ತು ಎರಡು ವರ್ಷ ನನ್ನ ಸೋದರಮಾವನ ಮಾತು. ನೌಕರಿ ಹೋದದ್ದು ನಾನು ದವಾಖಾನೆಯ ಕಪಾಟಿನ ಬೀಗ ಒಡೆದದ್ದಕ್ಕೆ. ಸೈಕಲ್ಲು ಹೋದದ್ದು ಮುಂಬಯಿಗೆ ಹೋಗಿಬರುವ ಖರ್ಚಿಗೆ. ಮಾವ ಮಾತು ಬಿಟ್ಟದ್ದು, ಆ ನೌಕರಿ ಕೊಡಿಸಿದವರು ಅವರೇ ಆಗಿದ್ದರಿಂದ. ಇಷ್ಟು ಕೊಟ್ಟು ಏನು ತಂದೆ ಎಂದು ಕೇಳುವವರಿಗೆ ಈ ಬರಹ. ಯಾವುದೇ ವ್ಯವಹಾರದಲ್ಲಿ ಕೊಟ್ಟದ್ದನ್ನು ಮೊದಲು ಹೇಳಿ ಪಡೆದದ್ದನ್ನು ಆಮೇಲೆ ಹೇಳುವುದು ನನ್ನ ರೂಢಿ.

೧೯೪೧ರಲ್ಲಿ ನಾನು ಬನಹಟ್ಟಿಯ ಒಂದು ಧರ್ಮ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಸೀರೆ ವ್ಯಾಪಾರದ ಒಬ್ಬ ಧಣಿ ತಮ್ಮ ತಾಯಿಯ ಹೆಸರಿನಲ್ಲಿ ಕಟ್ಟಿಸಿದ ದವಾಖಾನೆ ಅದು. ಹೊರರೋಗಿಗಳ ಒಂದು ಪಡಸಾಲೆ, ಔಷಧ ಕೋಣೆ, ಹಿಂದೆ ನಾಲ್ಕು ಮಂಚಗಳ ಹೆರಿಗೆ ಕೋಣೆ. ನಮ್ಮಪ್ಪ ಮಗ್ಗದ ಕುಣಿಯಲ್ಲಿ ಕೂತು ಜೀವ ಸವೆಸಿದವರು. ನಾನು ಕನ್ನಡ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಮುಗಿಸಿ, ಬಾಟಲಿ ತೊಳೆಯುವುದರಿಂದ ಶುರು ಮಾಡಿ, ಔಷಧದ ತಕ್ಕಡಿ ಹಿಡಿಯುವವರೆಗೆ ಬಂದಿದ್ದೆ. ಡಾಕ್ಟರು ಬರೆದ ಚೀಟಿ ನೋಡಿ ಮಿಕ್ಸ್ಚರು ಕಲಸುವುದು, ಪುಡಿ ಕಟ್ಟುವುದು, ಮುಲಾಮು ತಿಕ್ಕುವುದು ಕಂಪೌಂಡರನ ಕೆಲಸ.

ಡಾಕ್ಟರ ಹೆಸರು ಬರೆಯುವುದಿಲ್ಲ. ಅವರ ಮೊಮ್ಮಕ್ಕಳು ಒಳ್ಳೆಯವರು. ನಾವೆಲ್ಲ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಇರಲಿ. ಮುಂಬಯಿಯಲ್ಲಿ ಓದಿದವರು, ಅಲ್ಲಿಯ ಮೆಡಿಕಲ್ ಕೌನ್ಸಿಲ್ಲಿನ ರಜಿಸ್ಟರಿನಲ್ಲಿ ಹೆಸರಿದ್ದವರು. ಕೈಗುಣ ನಿಜಕ್ಕೂ ದೊಡ್ಡದು. ಹರ್ನಿಯಾ ಕೊಯ್ದರೆ ಎಂಟನೆಯ ದಿನ ರೋಗಿ ನಡೆದು ಮನೆಗೆ ಹೋಗುತ್ತಿದ್ದ. ಅದನ್ನು ಹೇಳದೆ ಮುಂದೆ ಹೋದರೆ ನಾನು ಸುಳ್ಳು ಸಾಕ್ಷಿಯಾಗುತ್ತೇನೆ.

ಆದರೆ ಅವರ ಆಳ್ವಿಕೆ ಹೀಗಿತ್ತು. ಅವರು ಯಾವ ಕೋಣೆಗೆ ಬಂದರೂ ಅಲ್ಲಿದ್ದವರು ಎದ್ದು ನಿಲ್ಲಬೇಕು. ಎದ್ದದ್ದು ತಡವಾದರೆ ಬೈಗುಳ. ಕೈಯಲ್ಲಿದ್ದ ಬೆತ್ತ ಸುಮ್ಮನಿರುತ್ತದೆಂದು ಹೇಳುವಂತಿರಲಿಲ್ಲ. ಅದಾದ ಮೇಲೆ ತಪ್ಪು ಮಾಡಿದವರು ಒಂದು ಮಾಫಿ ಚೀಟಿ ಬರೆದುಕೊಡಬೇಕು. ಚೀಟಿಯ ಒಕ್ಕಣೆ ಅವರೇ ಹೇಳಿ ಬರೆಸುತ್ತಿದ್ದರು: ತಾರೀಖು, ರೋಗಿಯ ಹೆಸರು, ಕೇಸಿನ ನಂಬರು, ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ, ಏನು ತಪ್ಪಿದೆ, ಮಾಫಿ ಬೇಡುತ್ತೇನೆ, ಸಹಿ. ಎಲ್ಲವನ್ನೂ ಕೆಂಪು ದಾರದಲ್ಲಿ ಪೋಣಿಸಿ ಮೇಜಿನ ಖಾನೆಯಲ್ಲಿಡುತ್ತಿದ್ದರು. ಯಾರಾದರೂ ಎದುರು ಮಾತಾಡಿದರೆ ದವಾಖಾನೆ ಕಟ್ಟಿಸಿದ ಧಣಿಗೆ ಆ ಕಟ್ಟು ತೋರಿಸುವುದು. ನನ್ನವೇ ಆರೇಳು ಅದರಲ್ಲಿದ್ದವು.

ಪದ್ಮಾವತಿಬಾಯಿಯವು ಹನ್ನೊಂದಿದ್ದವು. ಆಕೆ ತೇರದಾಳದ ಜೈನ ಮನೆತನದ ಹೆಣ್ಣುಮಗಳು, ಇಪ್ಪತ್ತಾರರ ವಿಧವೆ. ಅಣ್ಣನ ಅಡುಗೆಮನೆಯಿಂದ ಹಟ ಹಿಡಿದು ಹೊರಬಂದು ಸೂಲಗಿತ್ತಿ ತರಬೇತಿಗೆ ಸೇರಿದ್ದಳು. ಆಗಿನ ಪದ್ಧತಿ ಹೀಗೆ: ತರಬೇತಿಯವಳು ಡಾಕ್ಟರ ಮೇಲ್ವಿಚಾರಣೆಯಲ್ಲಿ ಇಪ್ಪತ್ತು ಹೆರಿಗೆಗಳನ್ನು ತನ್ನ ಕೈಯಿಂದ ಮಾಡಿಸಿ, ಒಂದೊಂದನ್ನೂ ಕೇಸ್ ಬುಕ್ಕಿನಲ್ಲಿ ಬರೆಯಬೇಕು. ಕೆಳಗೆ ಡಾಕ್ಟರು ಸಹಿ ಮಾಡಬೇಕು. ಆ ಸಹಿಗಳಿದ್ದರೆ ಮುಂಬಯಿಯ ಪರೀಕ್ಷೆ, ಪರೀಕ್ಷೆ ದಾಟಿದರೆ ಸನದು, ಸನದಿದ್ದರೆ ಯಾರ ಹಂಗೂ ಇಲ್ಲದ ಅನ್ನ. ಸಹಿ ಇಲ್ಲದಿದ್ದರೆ ಮತ್ತೆ ಅಣ್ಣನ ಅಡುಗೆಮನೆ. ಆಕೆ ಹತ್ತೊಂಬತ್ತು ಹೆರಿಗೆ ಮುಗಿಸಿದ್ದಳು. ಬುಕ್ಕಿನಲ್ಲಿ ಒಂದು ಸಹಿಯೂ ಇರಲಿಲ್ಲ. ಕೊನೆಗೆ ಒಟ್ಟಿಗೆ ಮಾಡುತ್ತೇನೆ ಎಂದು ಡಾಕ್ಟರು ಬುಕ್ಕನ್ನೇ ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು; ಹೆರಿಗೆಯಾದ ಕೂಡಲೆ ಆಕೆ ಅಲ್ಲಿಯೇ ಬರೆದಿಡಬೇಕು.

ಇಪ್ಪತ್ತನೆಯದು ಕಾಶವ್ವನ ಹೆರಿಗೆ. ಹುನ್ನೂರಿಗೆ ಕೊಟ್ಟ ಹೆಣ್ಣು, ಚೊಚ್ಚಲಿಗೆ ಬನಹಟ್ಟಿಯ ತವರಿಗೆ ಬಂದಿದ್ದಳು. ಚೈತ್ರದ ಬಿಸಿಲು, ಮಧ್ಯಾಹ್ನ ಎರಡೂವರೆಯ ಸುಮಾರು. ನಾನು ಬಿಸಿನೀರಿನ ಪಾತ್ರೆ ಹಿಡಿದು ಹೆರಿಗೆ ಕೋಣೆಯ ಪರದೆಯ ಹೊರಗೆ ನಿಂತಿದ್ದೆ. ಒಳಗೆ ಪದ್ಮಾವತಿಬಾಯಿ, ಕಾಶವ್ವ, ಕಾಶವ್ವನ ತಾಯಿ ಗಂಗವ್ವ. ಮಗುವಿನ ತಲೆ ಹೊರಬರುವ ಹೊತ್ತು. ಸೂಲಗಿತ್ತಿಯ ಒಂದು ಕೈ ತಲೆಯ ಮೇಲಿರಬೇಕು, ಇನ್ನೊಂದು ಕೆಳಗೆ ಆಸರೆಯಾಗಿರಬೇಕು. ಆಗ ಕೈ ತೆಗೆದರೆ ತಲೆ ಒಮ್ಮೆಗೇ ನುಗ್ಗಿ ತಾಯಿಯ ಮೈ ಹರಿಯುತ್ತದೆ. ದೊಡ್ಡ ಡಾಕ್ಟರು ಊಟ ಮುಗಿಸಿ ಬಂದರು, ನನ್ನನ್ನು ದಾಟಿ ಪರದೆಯ ಒಳಗೆ ಹೋದರು. ಪದ್ಮಾವತಿಬಾಯಿ ಏಳಲಿಲ್ಲ.

ಬೈಗುಳ ಕೇಳಿಸಿತು. ಅದನ್ನು ಬರೆಯುವುದಿಲ್ಲ, ವಿಧವೆಯೊಬ್ಬಳಿಗೆ ಅನ್ನಬಾರದ್ದು ಎಂದರೆ ಸಾಕು. ಬೆತ್ತದ ಸದ್ದು ಕೇಳಿಸಿತು. ಗಂಗವ್ವ, "ಬ್ಯಾಡ್ರೀ ಸಾಹೇಬ್ರ, ಕೂಸು ಬರಾಕತ್ತೈತ್ರಿ" ಎಂದದ್ದು ಕೇಳಿಸಿತು. ಡಾಕ್ಟರು ಹೊರಗೆ ಬಂದು, ಔಷಧ ಕೋಣೆಯ ವಿಷದ ಕಪಾಟಿಗೆ, ಅಂದರೆ ಅಳತೆ ತಪ್ಪಿದರೆ ಕೊಲ್ಲುವ ಔಷಧಗಳ ಕಪಾಟಿಗೆ, ಬೀಗ ಹಾಕಿ, ಕೀಲಿ ಜೇಬಿಗೆ ಸೇರಿಸಿ ನನಗೆ ಹೇಳಿದರು: "ಅಕಿನೇ ಶಾಣ್ಯಾಕಿ ಅದಾಳಲ್ಲ, ಅಕಿನೇ ಮಾಡ್ಲಿ. ನಾ ಹೊಂಟೆ." ಟಾಂಗಾ ಜಮಖಂಡಿ ರಸ್ತೆ ಹಿಡಿಯಿತು.

ಮಗು ನೆಟ್ಟಗೆ ಹುಟ್ಟಿತು. ಮಾಸು ಬಿದ್ದ ಮೇಲೆ ಕಾಶವ್ವನಿಗೆ ರಕ್ತ ನಿಲ್ಲಲಿಲ್ಲ. ಗರ್ಭಕೋಶ ಬಿಗಿದುಕೊಳ್ಳಲು ಅರ್ಗಟ್ ಎಂಬ ಔಷಧ ಕೊಡಬೇಕು. ಅದು ಬೀಗ ಹಾಕಿದ ಕಪಾಟಿನಲ್ಲಿತ್ತು. ಪರದೆಯ ಒಳಗಿನಿಂದ ಪದ್ಮಾವತಿಬಾಯಿಯ ದನಿ ಬಂತು: "ಬಸಪ್ಪಣ್ಣಾರ, ನಾ ಹೊಟ್ಟಿ ತಿಕ್ಕಾಕತ್ತೇನಿ, ಕೈ ಬಿಡಾಂಗಿಲ್ಲ. ಅರ್ಗಟ್ ಬೇಕ್ರಿ." ಕೀಲಿ ಇಲ್ಲ ಎಂದೆ. "ಕೀಲಿ ಕೇಳ್ಲಿಲ್ರಿ ನಾ, ಅರ್ಗಟ್ ಕೇಳಿದೆ."

ಔಷಧ ಕುಟ್ಟುವ ಕಬ್ಬಿಣದ ಒರಳಿನ ಹಾರೆ ತಗೊಂಡು ಬೀಗ ಒಡೆದೆ. ಔಷಧ ಅಳೆದು ಒಳಗೆ ಕೊಟ್ಟೆ. ಎಷ್ಟು ಕೊಟ್ಟೆ, ಎಷ್ಟು ಗಂಟೆಗೆ ಕೊಟ್ಟೆ ಎಂದು ಔಷಧದ ಪಟ್ಟಿಯಲ್ಲಿ ಬರೆದು, ಬೀಗ ನಾನು ಒಡೆದೆ ಎಂದೂ ಬರೆದು ಸಹಿ ಮಾಡಿದೆ. ಅರ್ಧ ಗಂಟೆಯ ಮೇಲೆ ರಕ್ತ ಹಿಡಿತಕ್ಕೆ ಬಂತು. ಕಾಶವ್ವ ಬದುಕಿದಳು.

ಮರುದಿನ ಡಾಕ್ಟರು ಹನ್ನೆರಡನೆಯ ಮಾಫಿ ಚೀಟಿ ಬರೆಸಲು ಕೂತರು. ಪದ್ಮಾವತಿಬಾಯಿ ಲೇಖಣಿ ಮುಟ್ಟಲಿಲ್ಲ. ಆಕೆಯನ್ನು ಹೊರಗೆ ಹಾಕಿದರು, ಕೇಸ್ ಬುಕ್ಕು ಕೊಡಲಿಲ್ಲ. ನನಗೆ ಬರಹದಲ್ಲಿಯೇ ಆಜ್ಞೆ ಸಿಕ್ಕಿತು: "ನಾನು ದವಾಖಾನೆಯಲ್ಲಿ ಇಲ್ಲದ ವೇಳೆಯಲ್ಲಿ ವಿಷದ ಕಪಾಟಿನ ಬೀಗ ಒಡೆದ ಅಪರಾಧಕ್ಕಾಗಿ ನಿನ್ನನ್ನು ಕೆಲಸದಿಂದ ತೆಗೆಯಲಾಗಿದೆ." ಕೆಳಗೆ ಸಹಿ, ತಾರೀಖು, ದವಾಖಾನೆಯ ಶಿಕ್ಕೆಯ ಮೊಹರು. ಆ ಕಾಗದವನ್ನು ಸಿಟ್ಟಿನಲ್ಲಿ ಹರಿಯಬೇಕೆಂದಿದ್ದೆ. ಹರಿಯಲಿಲ್ಲ. ಬರೆದ ಕಾಗದ ಕೈಗೆ ಬಂದರೆ ಅದನ್ನು ಟ್ರಂಕಿಗೆ ಹಾಕುವುದು ನನಗೆ ಮೊದಲಿನಿಂದಲೂ ಬಂದ ಗುಣ.

ಆಮೇಲೆ ನಾವು ಮಾಡಿದ್ದು ದೊಡ್ಡ ತಪ್ಪು. ಸಂಸ್ಥಾನದ ಪ್ರಜೆಗಳಾದ ನಮಗೆ ಗೊತ್ತಿದ್ದದ್ದು ಒಂದೇ ಬಗೆಯ ಅರ್ಜಿ: ಪ್ರಭುಗಳಿಗೆ ಬರೆಯುವ ಅರ್ಜಿ. ನಾವು ಬಡವರು, ತಾವು ತಾಯಿತಂದೆ, ದಯೆ ತೋರಬೇಕು ಎಂದು ಶುರು ಮಾಡುವುದು. ಹತ್ತು ವರ್ಷದ ಸಂಕಟಗಳನ್ನೆಲ್ಲ ತುಂಬುವುದು. ಮೊದಲ ಸಹಿ ಯಾರದೆಂದು ತಿಳಿಯದ ಹಾಗೆ ಎಲ್ಲರ ಸಹಿಗಳನ್ನು ಗುಂಡಗೆ, ಬಂಡಿಯ ಗಾಲಿಯ ಹಾಗೆ ಮಾಡಿಸುವುದು. ಅದೇ ತರಹದ ಒಂಬತ್ತು ಹಾಳೆಯ ಅರ್ಜಿ ಬರೆದೆ. ನಲವತ್ತಮೂರು ಸಹಿ ಮತ್ತು ಹೆಬ್ಬೆಟ್ಟು ಕೂಡಿಸಿದೆ. ಡಾಕ್ಟರು ಸಕ್ಕರೆ ರೋಗದ ಮುದುಕನನ್ನು ಗದರಿಸಿದ್ದು, ಅಗಸನ ಮೇಲೆ ಕೂಗಿದ್ದು, ಗಣಪತಿ ಹಬ್ಬದ ವಂತಿಗೆ ಪಟ್ಟಿ ಕೊಡದಿದ್ದದ್ದು ಕೂಡ ಅದರಲ್ಲಿತ್ತು. ರಜಿಸ್ಟರ್ ಟಪಾಲಿನಲ್ಲಿ ಮುಂಬಯಿಯ ಕೌನ್ಸಿಲ್ಲಿಗೆ ಕಳಿಸಿ, ಹದಿನೈದು ದಿನದಲ್ಲಿ ಯಾರಾದರೂ ಸಾಹೇಬರು ಬಂದಿಳಿಯುತ್ತಾರೆಂದು ಕಾದೆವು.

ಎರಡು ತಿಂಗಳಾದ ಮೇಲೆ ಒಂದು ಹಾಳೆಯ ಉತ್ತರ ಬಂತು. ಇಂಗ್ಲಿಷಿನಲ್ಲಿತ್ತು. ಓದಿಸಲು ರಬಕವಿಯ ಅಣ್ಣಾರಾವ ವಕೀಲರ ಹತ್ತಿರ ಹೋದೆವು. ಎಪ್ಪತ್ತು ದಾಟಿದವರು, ಕೋರ್ಟು ಬಿಟ್ಟು ಅಂಗಳದಲ್ಲಿ ಗುಲಾಬಿ ಬೆಳೆಸಿಕೊಂಡಿದ್ದರು. ಪತ್ರವನ್ನು ಓದಿ, ನಮ್ಮ ಅರ್ಜಿಯ ನಕಲನ್ನೂ ಓದಿ, ಕನ್ನಡಕ ಒರೆಸಿದರು.

"ಇದೇನು ಅರ್ಜೀನೋ, ಲಗ್ನಪತ್ರಿಕಾನೋ ಬಸಪ್ಪಾ? ಊರ ಮಂದಿ ಹೆಸರೆಲ್ಲಾ ಹಾಕೀ."

ಆಮೇಲೆ, ಈ ರೂಪದ ಅರ್ಜಿ ನಡೆಯುವುದಿಲ್ಲವೆಂದು ಪತ್ರದಲ್ಲಿದೆ ಎಂದು ಬಿಡಿಸಿ ಹೇಳಿದರು. ಕೌನ್ಸಿಲ್ಲು ದರಬಾರಲ್ಲ, ದಯೆ ತೋರುವುದು ಅದರ ಕೆಲಸವಲ್ಲ. ಒಬ್ಬ ಡಾಕ್ಟರ ಹೆಸರು ರಜಿಸ್ಟರಿನಲ್ಲಿ ಉಳಿಯಬೇಕೋ ಹೋಗಬೇಕೋ ಎಂಬ ಒಂದೇ ಪ್ರಶ್ನೆ ಅದಕ್ಕೆ ಗೊತ್ತು. ಅದಕ್ಕಾಗಿ ಡಾಕ್ಟರ ನಡತೆ ವೃತ್ತಿಗೇ ಕಳಂಕ ತರುವಂಥದು ಎಂದು ಸಿದ್ಧವಾಗಬೇಕು, ಅಂದರೆ ಸಾಬೀತಾಗಬೇಕು. ಮನುಷ್ಯ ಮುಂಗೋಪಿ, ಪಟ್ಟಿ ಕೊಡುವುದಿಲ್ಲ ಎಂಬುದು ವೃತ್ತಿಯ ಮಾತಲ್ಲ. ತಕರಾರು ರಜಿಸ್ಟ್ರಾರರ ಹೆಸರಿಗೆ ಹೋಗಬೇಕು, ಆಧಾರಗಳನ್ನು ಸ್ಪಷ್ಟವಾಗಿ ಹೇಳಬೇಕು, ಜೊತೆಗೆ ಮ್ಯಾಜಿಸ್ಟ್ರೇಟರ ಎದುರು ಮಾಡಿದ ಸತ್ಯ ಘೋಷಣೆ ಇರಬೇಕು. ಘೋಷಣೆ ಮಾಡಿದವನ ಹೆಸರು, ಉದ್ಯೋಗ, ನಿಜವಾದ ವಾಸಸ್ಥಳ ಇರಬೇಕು. ತಾನೇ ಕಂಡದ್ದು ಯಾವುದು, ಇನ್ನೊಬ್ಬರಿಂದ ಕೇಳಿದ್ದು ಯಾವುದು, ಕೇಳಿದ್ದನ್ನು ಏಕೆ ನಂಬಿದೆ ಎಂದು ಬೇರೆಬೇರೆ ಬರೆಯಬೇಕು. ಗಾಲಿಯ ಸಹಿಗೆ ಅಲ್ಲಿ ಕಾಸಿನ ಕಿಮ್ಮತ್ತಿಲ್ಲ. ಅವರಿಗೆ ಬೇಕಾದದ್ದು ಮುಂದೆ ನಿಂತು ಅಡ್ಡಪ್ರಶ್ನೆಗೆ ಉತ್ತರ ಕೊಡುವ ಮನುಷ್ಯ.

ಒಂಬತ್ತು ಹಾಳೆಯಲ್ಲಿ ಯಾವುದನ್ನು ಇಟ್ಟುಕೊಳ್ಳೋಣ ಎಂದು ಕೇಳಿದೆ. ನನಗಂತೂ ಎಲ್ಲವೂ ಬೇಕಿತ್ತು. ಹತ್ತು ಕೇಳಿದರೆ ಐದಾದರೂ ಸಿಗುತ್ತದೆಂಬುದು ಸಂತೆಯ ಲೆಕ್ಕ. ವಕೀಲರು ಪದ್ಮಾವತಿಬಾಯಿಯ ಕಡೆ ತಿರುಗಿದರು. 

"ನನಗ ಬೈದದ್ದು, ಹೊಡದದ್ದು ಹಿಂದ ಇರ್ಲಿರಿ," ಎಂದಳು. "ಬಾಣಂತಿನ ಬಿಟ್ಟು ಹೋದ್ರು. ಕೀಲಿ ಒಯ್ದ್ರು. ಅದು ಮುಂದ ಬರೀರಿ."

ವಕೀಲರು ತಲೆಯಾಡಿಸಿ, "ನೀ ವಕೀಲಿಕಿ ಕಲಿಬೇಕಾಗಿತ್ತವಾ" ಎಂದರು.

ಒಂಬತ್ತು ಹಾಳೆ ಒಂದೂವರೆ ಹಾಳೆಯಾಯಿತು. ಮೂರು ಆರೋಪ: ಹೆರಿಗೆಯ ನಡುವೆ ರೋಗಿಯನ್ನು ಬಿಟ್ಟು ಅವಶ್ಯಕ ಔಷಧದ ಕೀಲಿ ಒಯ್ದದ್ದು; ಹೆರಿಗೆ ಮಾಡಿಸುತ್ತಿದ್ದ ಸೂಲಗಿತ್ತಿಯನ್ನು ಹೊಡೆದು ನಿಂದಿಸಿದ್ದು; ಮಾಡಿದ ಕೆಲಸಕ್ಕೆ ಸಹಿ ಕೊಡದೆ ಕೇಸ್ ಬುಕ್ಕು ತಡೆದದ್ದು. ಮೂರು ಘೋಷಣೆ: ಪದ್ಮಾವತಿಬಾಯಿ, ಗಂಗವ್ವ, ನಾನು.

ನನ್ನ ಘೋಷಣೆಯಲ್ಲಿ 'ಡಾಕ್ಟರು ಬೆತ್ತದಿಂದ ಹೊಡೆದದ್ದನ್ನು ಕಣ್ಣಾರೆ ಕಂಡೆ' ಎಂದು ಬರೆದಿದ್ದೆ. ವಕೀಲರು ಲೇಖಣಿ ನಿಲ್ಲಿಸಿ, ಪರದೆ ಎಲ್ಲಿತ್ತು ಎಂದು ಕೇಳಿದರು. ನನ್ನ ಮತ್ತು ಮಂಚದ ನಡುವೆ ಎಂದೆ. ಬಿಟ್ಟಿತ್ತೋ ಸರಿಸಿತ್ತೋ ಎಂದರು. ಬಿಟ್ಟಿತ್ತು. "ಹಂಗಾರ ನಿನ್ನ ಕಣ್ಣು ಅರಿವಿ ಹಾದು ಹೋಗತಾವೇನೋ?" ನಾನು ವಾದಿಸಿದೆ: ಹೊಡೆದದ್ದು ಖರೆ, ಸದ್ದು ಕೇಳಿದ್ದೇನೆ, ಆಕೆಯ ಭುಜದ ಮೇಲೆ ಬಾಸುಂಡೆ ನೋಡಿದ್ದೇನೆ, ಕಂಡೆ ಎಂದರೆ ಏನು ತಪ್ಪು? ಅವರು ಆ ಸಾಲು ಹೊಡೆದುಹಾಕಿ, 'ಸದ್ದು ಕೇಳಿದೆ. ಡಾಕ್ಟರು ಬೆತ್ತ ಹಿಡಿದು ಹೊರಬಂದದ್ದನ್ನು ಕಂಡೆ' ಎಂದು ಬರೆದರು.

ಘೋಷಣೆ ಮಾಡುವುದು ಎಲ್ಲಿ? ನಮ್ಮ ಕಡೆ ನಾಲ್ಕು ಹರದಾರಿಗೊಂದು ರಾಜ್ಯ. ಬನಹಟ್ಟಿ ಜಮಖಂಡಿ ಸಂಸ್ಥಾನದ್ದು, ಬೀದಿ ದಾಟಿದರೆ ರಬಕವಿ ಸಾಂಗಲಿಯದ್ದು, ಮುಧೋಳ ತನ್ನದೇ ಸಂಸ್ಥಾನ, ಬೀಳಗಿ ಬ್ರಿಟಿಷರ ನೇರ ಆಳ್ವಿಕೆಯ ಇಂಗ್ರೇಜಿ ಮುಲುಖು. ಸಂಸ್ಥಾನದ ಮ್ಯಾಜಿಸ್ಟ್ರೇಟರ ಎದುರಿನ ಘೋಷಣೆ ಮುಂಬಯಿಯಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಚರ್ಚೆಗೇ ಎಡೆ ಬೇಡವೆಂದು ವಕೀಲರು ನಮ್ಮನ್ನು ಬೀಳಗಿಗೆ ಅಟ್ಟಿದರು. ಮುಧೋಳದವರೆಗೆ ಮೋಟಾರು, ಮುಂದೆ ಚಕ್ಕಡಿ. ಗಂಗವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಬೀಳಗಿಯ ಮಹಾಲಕರಿಯವರು, ಅಂದರೆ ಆ ಉಪತಾಲೂಕಿನ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರು, ಒಬ್ಬೊಬ್ಬರನ್ನೇ ಕರೆದು ಕನ್ನಡದಲ್ಲಿ ಓದಿಸಿ, ಸುಳ್ಳಾದರೆ ಶಿಕ್ಷೆಯುಂಟೆಂದು ತಿಳಿಸಿ ಸಹಿ ಹಾಕಿಸಿಕೊಂಡರು. ಗಂಗವ್ವ ಹೆಬ್ಬೆಟ್ಟು ಒತ್ತುವ ಮೊದಲು, ಬೈದ ಮಾತನ್ನು ಬರೆದದ್ದು ಪೂರಾ ಇಲ್ಲ, ಇನ್ನೂ ಎರಡು ಮಾತು ಇದ್ದವು ಎಂದು ತಕರಾರು ತೆಗೆದಳು. ಆ ಎರಡೂ ಸೇರಿದವು.

ಇದರ ನಂತರ ಕೆಲಸ ತನ್ನ ದಾರಿ ಹಿಡಿಯಿತು. ರಜಿಸ್ಟ್ರಾರರು ಕಾಗದಗಳನ್ನು ಅಧ್ಯಕ್ಷರ ಮುಂದಿಟ್ಟರು. ಡಾಕ್ಟರಿಗೆ ನಕಲು ಹೋಗಿ ವಿವರಣೆ ಕೇಳಿದರು. ದೀಪಾವಳಿ ಕಳೆದ ಮೇಲೆ ಆ ವಿವರಣೆಯ ನಕಲು ನಮಗೆ ಬಂತು. ಉತ್ತರವಿದ್ದರೆ ತಿಳಿಸಿ ಎಂದು. ವಿವರಣೆಯಲ್ಲಿ ಎರಡು ಮುಖ್ಯ ಮಾತು. ಒಂದು, ತಾನು ಎಲ್ಲಿಗೂ ಹೋಗಿರಲಿಲ್ಲ, ಪಕ್ಕದ ಕೋಣೆಯಲ್ಲಿದ್ದೆ. ಎರಡು, ಈ ಹೆಂಗಸು ಒಂದು ಹೆರಿಗೆಯನ್ನೂ ಮಾಡಿಸಿಲ್ಲ, ನೀರು ಕಾಯಿಸಿದ್ದಾಳೆ ಅಷ್ಟೇ. ಎಲ್ಲ ಹೆರಿಗೆಯೂ ತನ್ನ ಕೈಯವು. ಆಕೆ ದಡ್ಡಳು, ಉದ್ಧಟಳು ಎಂಬುದಕ್ಕೆ ಆಕೆಯೇ ಬರೆದುಕೊಟ್ಟ ಹನ್ನೊಂದು ಮಾಫಿ ಪತ್ರಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಲಗತ್ತಿಸಿದ್ದೇನೆ ಎಂದು ಡಾಕ್ಟರು ಬರೆದಿದ್ದರು.

ವಕೀಲರ ಅಂಗಳದಲ್ಲಿ ಅದನ್ನು ಓದಿಸಿಕೊಂಡೆವು. ಸ್ವಂತ ಅಕ್ಷರ, ಸ್ವಂತ ಸಹಿ, ಇನ್ನೇನು ಉಳಿಯಿತು? ತಿರುಗಿ ಮನೆಗೆ ಹೋಗೋಣ, ಬುಕ್ಕಿಗಾದರೂ ಧಣಿಯ ಹತ್ತಿರ ರಾಜಿ ಮಾಡಿಸುತ್ತೇನೆ ಎಂದೆ. ಪದ್ಮಾವತಿಬಾಯಿ ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದಳು. ನಾಲ್ಕನೆಯದಕ್ಕೆ ನಿಂತಳು.

"ವಕೀಲ್ರ, ಇದನ್ನ ಕೇಳ್ರಿ. 'ಕೇಸ್ ನಂಬರ್ ಏಳು. ನಾನೊಬ್ಬಳೇ ಕೂಸು ಹಿಡಿದು ಹೊಕ್ಕಳು ಕಟ್ಟುತ್ತಿದ್ದಾಗ ತಾವು ಬಂದಿರಿ. ನಾನು ಏಳಲಿಲ್ಲ. ಮಾಫಿ ಬೇಡುತ್ತೇನೆ.' ಇದು ಸಾಹೇಬ್ರು ಹೇಳಿ ಬರಸಿದ್ದು. ನಂಬರ್ ನನ್ನ ಬುಕ್ಕಿಂದು."

ಹನ್ನೊಂದು ಚೀಟಿಗಳಲ್ಲಿ ಹನ್ನೊಂದು ಕೇಸಿನ ನಂಬರು, ತಾಯಂದಿರ ಹೆಸರು, ಆ ಹೊತ್ತಿನಲ್ಲಿ ಆಕೆಯ ಕೈ ಎಲ್ಲಿತ್ತು ಎಂಬ ವಿವರ. ಅಚ್ಚುಕಟ್ಟಿನ ಹುಚ್ಚಿದ್ದ ಡಾಕ್ಟರು ತಪ್ಪನ್ನು ಗಟ್ಟಿಮಾಡಲು ಬರೆಸಿದ್ದೆಲ್ಲ ಕೆಲಸಕ್ಕೆ ದಾಖಲೆಯಾಗಿತ್ತು. ವಕೀಲರು ಚೀಟಿಗಳನ್ನು ನನ್ನ ಕೈಗೆ ಕೊಟ್ಟು ಎಣಿಸು ಎಂದರು. ಆಗ ನನಗೂ ಬುದ್ಧಿ ಬಂತು. ಮನೆಗೆ ಹೋಗಿ ಟ್ರಂಕು ತೆಗೆದು, 'ನಾನು ದವಾಖಾನೆಯಲ್ಲಿ ಇಲ್ಲದ ವೇಳೆಯಲ್ಲಿ' ಎಂಬ ಆ ಆಜ್ಞೆಯ ಕಾಗದ ತಂದೆ. ಉತ್ತರದ ಜೊತೆ ಅದೂ ಹೋಯಿತು. ಕೌನ್ಸಿಲ್ಲಿನ ಸಮಿತಿ ಎಲ್ಲವನ್ನೂ ನೋಡಿ, ವಿಚಾರಣೆ ನಡೆಯಲಿ ಎಂದು ನಿರ್ಧರಿಸಿತು. ಎರಡೂ ಕಡೆಗೆ ನೋಟೀಸು ಬಂತು, ಆರೋಪಗಳನ್ನು ಅಂಕಿ ಹಾಕಿ ಬರೆದಿದ್ದರು.

೧೯೪೨ರ ಫೆಬ್ರವರಿ. ಸೈಕಲ್ಲು ಮಾರಿದೆ. ಕುಡಚಿ ಸ್ಟೇಶನ್ನಿನಲ್ಲಿ ಹತ್ತಿ, ಪುಣೆಯಲ್ಲಿ ಗಾಡಿ ಬದಲಿಸಿ, ವಕೀಲರೂ ಸೇರಿ ನಾವು ನಾಲ್ವರು ಮುಂಬಯಿ ಮುಟ್ಟಿದೆವು. ಕೋರ್ಟಿನ ಕಟಕಟೆ ಇರುತ್ತದೆಂದುಕೊಂಡಿದ್ದೆ. ಇದ್ದದ್ದು ಉದ್ದನೆಯ ಮೇಜು, ಅದರ ಸುತ್ತ ಹನ್ನೆರಡು ಮಂದಿ ಡಾಕ್ಟರುಗಳು, ಬದಿಯಲ್ಲಿ ಅವರಿಗೆ ಕಾಯಿದೆ ಹೇಳಲು ಒಬ್ಬ ಕಾನೂನು ಸಲಹೆಗಾರ. ದೊಡ್ಡ ಡಾಕ್ಟರು ತಮ್ಮ ಬ್ಯಾರಿಸ್ಟರರೊಂದಿಗೆ ಕುರ್ಚಿಯಲ್ಲಿದ್ದರು. ಅಧ್ಯಕ್ಷರು ಒಳಗೆ ಬಂದಾಗ ಎಲ್ಲರ ಜೊತೆ ಅವರೂ ಎದ್ದು ನಿಂತರು.

ಬ್ಯಾರಿಸ್ಟರರ ಮೊದಲ ಮಾತು, ನಡೆದದ್ದು ಸಂಸ್ಥಾನದಲ್ಲಿ, ಮುಂಬಯಿಯ ಕೌನ್ಸಿಲ್ಲಿಗೆ ಅಲ್ಲಿ ಅಧಿಕಾರವಿಲ್ಲ ಎಂಬುದು. ಅಧ್ಯಕ್ಷರು ಹೇಳಿದ್ದನ್ನು ಅಣ್ಣಾರಾವರು ನನ್ನ ಕಿವಿಯಲ್ಲಿ ಕನ್ನಡ ಮಾಡಿದರು: ದವಾಖಾನೆ ಎಲ್ಲಿಯದಾದರೂ ಇರಲಿ, ಹೆಸರು ನಮ್ಮ ರಜಿಸ್ಟರಿನಲ್ಲಿದೆ, ಈ ರಜಿಸ್ಟರಿನ ಹೆಸರು ಹೇಳಿಕೊಂಡೇ ಅವರು ಅಲ್ಲಿ ಔಷಧ ಕೊಡುತ್ತಿದ್ದಾರೆ.

ನನ್ನನ್ನು ಕರೆದರು. ಬ್ಯಾರಿಸ್ಟರರು ಕೇಳಿದ ಮೊದಲ ಪ್ರಶ್ನೆಯೇ, ಹೊಡೆದದ್ದನ್ನು ನೀನು ಕಂಡೆಯಾ ಎಂದು. ಇಲ್ಲ, ಪರದೆ ಇತ್ತು, ಸದ್ದು ಕೇಳಿದೆ ಎಂದೆ. ಅವರು ಕಾಗದ ತಿರುವಿ ಹಾಕಿದರು. ಆ ಪ್ರಶ್ನೆಯ ಹಿಂದೆ ಇನ್ನೂ ಹತ್ತು ಪ್ರಶ್ನೆ ಕಟ್ಟಿಕೊಂಡು ಬಂದಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಕಂಡೆ ಎಂದಿದ್ದರೆ ಆ ಹತ್ತರಲ್ಲಿ ನಾನು ಮುಳುಗುತ್ತಿದ್ದೆ. ಬೀಗ ಒಡೆದದ್ದು ಹೌದೋ ಎಂದರು. ಹೌದು, ಪಟ್ಟಿಯಲ್ಲಿ ಬರೆದು ಸಹಿ ಮಾಡಿದ್ದೇನೆ ಎಂದೆ.

ಆಗ ಮೇಜಿನ ತುದಿಯ ಒಬ್ಬ ಹಿರಿಯ ಸದಸ್ಯರು ದೊಡ್ಡ ಡಾಕ್ಟರನ್ನು ಕೇಳಿದರು: ತಾವು ಪಕ್ಕದ ಕೋಣೆಯಲ್ಲಿದ್ದರೆ ಕಂಪೌಂಡರನು ಬೀಗ ಏಕೆ ಒಡೆದ, ಕೀಲಿಯನ್ನೇ ಕೇಳಬಹುದಿತ್ತಲ್ಲ? ಡಾಕ್ಟರು ಉತ್ತರಿಸುವ ಮೊದಲು ರಜಿಸ್ಟ್ರಾರರು ನನ್ನನ್ನು ಕೆಲಸದಿಂದ ತೆಗೆದ ಆಜ್ಞೆಯ ಕಾಗದ ಅವರ ಮುಂದಿಟ್ಟರು. ಡಾಕ್ಟರು ಅದನ್ನು ಬಹಳ ಹೊತ್ತು ಓದಿದರು. ಇದ್ದದ್ದು ಎರಡೇ ಸಾಲು.

ಗಂಗವ್ವ ಬೀಳಗಿಯಲ್ಲಿ ಹೇಳಿದ್ದನ್ನೇ ಹೇಳಿದಳು. ಪದ್ಮಾವತಿಬಾಯಿ ಒಂದು ಗಂಟೆ ನಿಂತಳು. ದಡ್ಡತನಕ್ಕೆ ಸಾಕ್ಷಿಯೆಂದು ತಂದ ಚೀಟಿಗಳನ್ನು ಬ್ಯಾರಿಸ್ಟರರು ಒಂದೊಂದಾಗಿ ಓದಿಸಿದರು. ಕೇಸ್ ನಂಬರ್ ಏಳರ ಚೀಟಿಗೆ ಅಧ್ಯಕ್ಷರು ತಡೆದು, ಈ ಚೀಟಿಯ ಪ್ರಕಾರ ಮಗುವನ್ನು ಹಿಡಿದದ್ದು ಯಾರು ಎಂದು ಡಾಕ್ಟರನ್ನೇ ಕೇಳಿದರು. ಚೀಟಿ ನಿಜವೆಂದರೆ ಹೆರಿಗೆ ಆಕೆಯದು; ಸುಳ್ಳೆಂದರೆ ಅದನ್ನು ಕೌನ್ಸಿಲ್ಲಿಗೆ ಏಕೆ ಕೊಟ್ಟಿರಿ? ಬ್ಯಾರಿಸ್ಟರರು ಬಾಗಿ ಡಾಕ್ಟರ ಕಿವಿಯಲ್ಲಿ ಏನೋ ಹೇಳಿದರು. ಸಹಿಯಿಲ್ಲದ್ದನ್ನು ತೋರಿಸಲೆಂದು ಅವರೇ ತಂದಿದ್ದ ಕೇಸ್ ಬುಕ್ಕು ಮೇಜಿನ ಮೇಲಿತ್ತು. ಡಾಕ್ಟರು ಅದನ್ನು ಎಳೆದುಕೊಂಡು ಸಹಿ ಮಾಡತೊಡಗಿದರು. ಸಹಿ ಮಾಡಿರೆಂದು ಆಜ್ಞಾಪಿಸುವ ಅಧಿಕಾರ ಕೌನ್ಸಿಲ್ಲಿಗೆ ಇರಲಿಲ್ಲ, ಯಾರೂ ಆಜ್ಞಾಪಿಸಲೂ ಇಲ್ಲ. ಹನ್ನೆರಡು ಮಂದಿ ಡಾಕ್ಟರುಗಳು ನೋಡುತ್ತ ಕೂತಿದ್ದರು. ಇಪ್ಪತ್ತು ಸಹಿ. ಇಪ್ಪತ್ತನೆಯದು ಕಾಶವ್ವನದು.

ನಮ್ಮನ್ನು ಹೊರಗೆ ಕಳಿಸಿ ಚರ್ಚಿಸಿದರು. ನಡೆದದ್ದು ಸಿದ್ಧವಾಯಿತೇ, ಸಿದ್ಧವಾದದ್ದು ವೃತ್ತಿಗೆ ಕಳಂಕವೇ, ಹಾಗಾದರೆ ಹೆಸರು ತೆಗೆಯಬೇಕೇ ಎಂದು ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ತೀರ್ಮಾನಿಸುವುದು ಪದ್ಧತಿ. ಬಾಗಿಲು ತೆರೆದಾಗ ಅಧ್ಯಕ್ಷರು ಓದಿದರು: ಆರೋಪಗಳು ಸಿದ್ಧವಾಗಿವೆ, ರೋಗಿಯನ್ನು ಬಿಟ್ಟು ಕೀಲಿ ಒಯ್ದದ್ದನ್ನು ಕೌನ್ಸಿಲ್ಲು ಅತ್ಯಂತ ಗಂಭೀರವಾಗಿ ಕಾಣುತ್ತದೆ, ಹೆಸರು ತೆಗೆಯುವ ತೀರ್ಪನ್ನು ಒಂದು ವರ್ಷ ಮುಂದೂಡಲಾಗಿದೆ, ಆಗ ಡಾಕ್ಟರು ತಮ್ಮ ಜೊತೆ ಕೆಲಸ ಮಾಡುವವರಿಂದ ನಡತೆಯ ಬಗ್ಗೆ ಪತ್ರಗಳನ್ನು ತಂದು ಹಾಜರಾಗಬೇಕು.

ಇಷ್ಟೇ ಏನು ಎಂದು ನನಗನ್ನಿಸಿತು. ಗಂಗವ್ವ ಅದನ್ನೇ ಬಾಯಿಬಿಟ್ಟು ಕೇಳಿದಳು. ವಕೀಲರು, ಕಡಿದುಹಾಕಿದರೆ ನಾಳೆಯೇ ಮರೆಯುತ್ತಾನೆ, ವರ್ಷವಿಡೀ ಕತ್ತಿ ನೋಡುತ್ತ ಕೂರಲಿ ಎಂದರು.

ಪದ್ಮಾವತಿಬಾಯಿ ಆ ವರ್ಷವೇ ಪರೀಕ್ಷೆ ದಾಟಿ, ಸನದು ತಂದು ರಬಕವಿಯಲ್ಲಿ ಮನೆ ಹಿಡಿದಳು. ನಾನು ಬನಹಟ್ಟಿ ಪೇಟೆಯಲ್ಲಿ ಔಷಧದ ಸಣ್ಣ ಅಂಗಡಿ ಇಟ್ಟೆ. ವರ್ಷ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ದೊಡ್ಡ ಡಾಕ್ಟರು ಆಕೆಯ ಮನೆಗೆ ಬರುವವರಿದ್ದಾರೆಂದು ಸುದ್ದಿ ಬಂತು. ನಾನೂ ಹೋದೆ. ದವಾಖಾನೆಯ ಈಗಿನ ಸಿಬ್ಬಂದಿಯ ಪತ್ರಗಳು ಅವರ ಹತ್ತಿರ ಇದ್ದವು. ಆದರೆ ತಕರಾರು ಮಾಡಿದವಳೇ ಒಂದು ಪತ್ರ ಕೊಟ್ಟರೆ ಕೌನ್ಸಿಲ್ಲು ಕಣ್ಣುಮುಚ್ಚಿ ಬಿಡುತ್ತದೆಂದು ಬ್ಯಾರಿಸ್ಟರರು ಹೇಳಿದ್ದರಂತೆ.

ನಾನು ಚೌಕಾಸಿಗೆ ಸಿದ್ಧನಾಗಿ ಬಂದಿದ್ದೆ. ಮಾಫಿ ಚೀಟಿಯ ಕಟ್ಟು ನಮ್ಮೆದುರು ಸುಡಬೇಕು, ಕೀಲಿ ಹೆರಿಗೆ ಕೋಣೆಯ ಗೂಟದಲ್ಲಿರಬೇಕು, ನನಗೆ ನೌಕರಿ ಹೆಚ್ಚಿನ ಪಗಾರದ ಮೇಲೆ. ಒಂದೊಂದಾಗಿ ಹೇಳಿದೆ. ಆಶ್ಚರ್ಯವೆಂದರೆ ಅವರು ಎಲ್ಲಕ್ಕೂ ಹೂಂ ಎಂದರು. ಮುದುಕರಾಗಿದ್ದರು. "ನಿನಗೇನು ಬೇಕವಾ?" ಎಂದು ಆಕೆಯನ್ನು ಕೇಳಿದರು. ಅವರು ಆಕೆಗೆ 'ಅವಾ', ಅಂದರೆ ತಾಯಿ, ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನನಗೇನೂ ಬ್ಯಾಡ್ರಿ. ಪತ್ರ ಕೊಡ್ತೀನಿ," ಎಂದು ಆಕೆ ಒಳಗೆ ಹೋದಳು. ನಾನು ಕಣ್ಣಲ್ಲೇ ತಡೆಯಲು ನೋಡಿದೆ. ಏನೂ ತೆಗೆದುಕೊಳ್ಳದೆ ಕೊಡುವುದು ನನ್ನ ರೂಢಿಯಲ್ಲ. ಆಕೆ ಅರ್ಧ ಹಾಳೆ ತಂದುಕೊಟ್ಟಳು. ಡಾಕ್ಟರು ಓದಿ ನನ್ನ ಕೈಗೆ ಕೊಟ್ಟರು. ಅದರಲ್ಲಿ ಇದ್ದದ್ದು ಹೀಗೆ: 'ತಕರಾರಿನ ನಂತರದ ಈ ಒಂದು ವರ್ಷ ನಾನು ಅವರ ಜೊತೆ ಕೆಲಸ ಮಾಡಿಲ್ಲ. ಆದ್ದರಿಂದ ಅವರ ಈಗಿನ ನಡತೆ ಒಳ್ಳೆಯದೆಂದಾಗಲಿ ಕೆಟ್ಟದೆಂದಾಗಲಿ ನಾನು ಹೇಳಲಾರೆ. ಈ ವರ್ಷ ಅವರ ದವಾಖಾನೆಯಲ್ಲಿ ಹೆತ್ತ ಮೂವರು ತಾಯಂದಿರು, ಡಾಕ್ಟರು ಕೊನೆಯವರೆಗೆ ಹತ್ತಿರವೇ ಇದ್ದರೆಂದು ನನಗೆ ಹೇಳಿದ್ದಾರೆ. ಅದನ್ನು ನಾನು ನಂಬುತ್ತೇನೆ.' ಮೂವರ ಹೆಸರು, ಊರು. ಸಹಿ.

ಡಾಕ್ಟರು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು, "ಇಷ್ಟ ಸಾಕವಾ" ಎಂದು ಎದ್ದರು. ಆ ಪತ್ರವನ್ನು ಅವರು ಕೌನ್ಸಿಲ್ಲಿಗೆ ಕೊಟ್ಟರು. ಹೆಸರು ರಜಿಸ್ಟರಿನಲ್ಲಿ ಉಳಿಯಿತು. ಮುಂದಿನ ಐದು ವರ್ಷ, ಸಂಸ್ಥಾನವೇ ವಿಲೀನವಾಗುವವರೆಗೆ, ಅವರು ದವಾಖಾನೆ ನಡೆಸಿದರು. ಬೈಗುಳ ಪೂರ್ತಿ ನಿಂತಿತೆಂದು ನಾನು ಹೇಳಲಾರೆ, ನಾನು ಅಲ್ಲಿರಲಿಲ್ಲ. ನೌಕರಿಗೆ ಕರೆದರು, ಹೋಗಲಿಲ್ಲ, ಅಂಗಡಿ ಹತ್ತಿಕೊಂಡಿತ್ತು.

ಮೇಲಿನವರ ದಬ್ಬಾಳಿಕೆಯಲ್ಲಿ ಕೆಲಸ ಮಾಡುವವರು ಈಗಲೂ ಇದ್ದಾರೆ, ನನ್ನ ಅಂಗಡಿಗೆ ಬಂದು ಅರ್ಜಿ ಹೇಗೆ ಬರೆಯಲಿ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ನೀವು ಅರ್ಜಿ ಹಾಕುವ ಕಚೇರಿಗೆ ಏನು ಮಾಡುವ ಅಧಿಕಾರ ಇದೆ ಎಂದು ಮೊದಲು ತಿಳಿದುಕೊಳ್ಳಿ. ಇಲ್ಲದ್ದನ್ನು ಕೇಳಿದರೆ ಇದ್ದದ್ದೂ ಸಿಗುವುದಿಲ್ಲ. ನಿಮ್ಮ ನೋವಿಗಿಂತ ನಿಮ್ಮ ಕೈಯಲ್ಲಿದ್ದ ರೋಗಿಗೋ ಗಿ‌ರಾಕಿಗೋ ಆದ ನಷ್ಟವನ್ನು ಮುಂದಿಡಿ. ಊರಿನ ಸಹಿ ಕೂಡಿಸುವ ಹೊತ್ತನ್ನು ನಿಜವಾಗಿ ಅಲ್ಲಿದ್ದ ಇಬ್ಬರನ್ನು ಹುಡುಕಲು ಬಳಸಿ. ನಿಮ್ಮಿಂದ ಏನಾದರೂ ಬರೆಸಿಕೊಂಡರೆ ಹೆದರಬೇಡಿ, ಆದರೆ ಆ ದಿನವೇ ಅದರ ನಕಲು ಮಾಡಿ ಮನೆಯಲ್ಲಿಡಿ. ಬೀಗ ಒಡೆಯಲೇಬೇಕಾಗಿ ಬಂದರೆ ಒಡೆಯಿರಿ. ಒಡೆದ ಗಂಟೆ, ಕಾರಣ, ನಿಮ್ಮ ಹೆಸರನ್ನು ಅಲ್ಲಿಯೇ ಬರೆದಿಡಿ. ಎಲ್ಲ ಬರೆದಾದ ಮೇಲೆ ಕಳಿಸುವ ಮೊದಲು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಎದ್ದು, ನೀವು ಕಾಣದ ಸಾಲುಗಳನ್ನೆಲ್ಲ ಹೊಡೆದುಹಾಕಿ. ಅರ್ಜಿ ಸಣ್ಣದಾಗುತ್ತದೆ. ಆಗಲಿ, ಅದನ್ನೇ ಕಳಿಸಿ.